ಹದಿನೈದು ತುಂಬಿದ ಕಾರು: ಪುಣೆಯಲ್ಲಿ ನೋಂದಣಿ ನವೀಕರಣ ಹೇಗೆ?

ಕಾರು ಕೊಂಡಾಗ ಒಂದೇ ಬಾರಿ ಕಟ್ಟಿದ ರಸ್ತೆ ತೆರಿಗೆಯನ್ನು ನಂಬಿಕೊಂಡು, ಇನ್ನು ಆರ್‌ಟಿಒ ಕಚೇರಿಯ ಮುಖ ನೋಡಬೇಕಿಲ್ಲ ಎಂದು ನಿಶ್ಚಿಂತೆಯಿಂದಿರುವವರು ಬಹಳ ಮಂದಿ. ತೆರಿಗೆಯ ಲೆಕ್ಕವೇ ಬೇರೆ, ನೋಂದಣಿಯ ಲೆಕ್ಕವೇ ಬೇರೆ. ಖಾಸಗಿ ವಾಹನದ ನೋಂದಣಿ ಪತ್ರಕ್ಕೆ, ಅಂದರೆ ಆರ್‌ಸಿಗೆ, ಹದಿನೈದು ವರ್ಷ ಮಾತ್ರ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು, ಪ್ರತಿ ಬಾರಿಯೂ ವಾಹನವನ್ನು ತಪಾಸಣೆಗೆ ಒಪ್ಪಿಸಬೇಕು. ಪುಣೆ, ಪಿಂಪ್ರಿ ಕಡೆ ಎಲ್ಲರೂ ‘ಪಾಸಿಂಗ್’ ಎನ್ನುವುದು ಇದಕ್ಕೇ.

ಮೊದಲು ದಿನಾಂಕ ನೋಡಿಕೊಳ್ಳಿ. ಕಾರು ತಯಾರಾದ ವರ್ಷವಲ್ಲ, ನೋಂದಣಿಯಾದ ದಿನ ಮುಖ್ಯ. ಮುಂದಿನ ಲೆಕ್ಕವೆಲ್ಲ ಸುಲಭವಾಗಲಿ ಎಂದು ಒಂದು ಕಾರನ್ನು ಇಟ್ಟುಕೊಳ್ಳೋಣ: ಪುಣೆಯಲ್ಲಿ ಎಂಎಚ್-12 ಸಂಖ್ಯೆಯಡಿ 2011ರ ಆಗಸ್ಟ್ 14ರಂದು ನೋಂದಣಿಯಾದ ಸಣ್ಣ ಪೆಟ್ರೋಲ್ ಕಾರು. ಅದರ ಅವಧಿ 2026ರ ಆಗಸ್ಟ್ 13ಕ್ಕೆ ಮುಗಿಯುತ್ತದೆ. ಅವಧಿ ಮುಗಿಯಲು ಅರವತ್ತು ದಿನ ಇರುವಾಗಿನಿಂದ ಅರ್ಜಿ ಹಾಕಬಹುದು, ಅಂದರೆ ಜೂನ್ 14ರಿಂದ. ಅದೇ ದಿನ ಹೊರಡುವುದು ಜಾಣತನ. ಮಳೆಗಾಲದ ನಡುವೆ ಮೆಕ್ಯಾನಿಕ್ ಸಿಗುವುದೂ ತಡ, ತಪಾಸಣೆಯಲ್ಲಿ ಏನಾದರೂ ತಪ್ಪು ಸಿಕ್ಕರೆ ಸರಿಪಡಿಸಲು ಸಮಯವೂ ಬೇಕು.

ಅರ್ಜಿ ಹಾಕುವುದು vahan.parivahan.gov.in ತಾಣದಲ್ಲಿ. ರಾಜ್ಯ ಮತ್ತು ಆರ್‌ಟಿಒ ಆರಿಸಿ, ವಾಹನದ ಸಂಖ್ಯೆ ಮತ್ತು ಚಾಸಿಸ್ ಸಂಖ್ಯೆಯ ಕೊನೆಯ ಐದು ಅಂಕಿಗಳನ್ನು ಕೊಟ್ಟರೆ ಒಟಿಪಿ ಬರುತ್ತದೆ. ಹೆಚ್ಚಿನವರು ನಿಲ್ಲುವುದು ಇಲ್ಲೇ. ಹದಿನೈದು ವರ್ಷದ ಹಿಂದೆ ಷೋರೂಮಿನವರು ಬರೆದುಕೊಂಡ ಮೊಬೈಲ್ ಸಂಖ್ಯೆ ಈಗ ಯಾರ ಕೈಯಲ್ಲಿದೆಯೋ! ಹೀಗಾಗಿ ಮೊದಲು ಅದೇ ತಾಣದಲ್ಲಿ ಮೊಬೈಲ್ ಸಂಖ್ಯೆ ಬದಲಾಯಿಸಿಕೊಳ್ಳಬೇಕು. ಕಾರು ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ನವೀಕರಣಕ್ಕೆ ಮೊದಲು ಮಾಲೀಕತ್ವದ ವರ್ಗಾವಣೆಯ ಕೆಲಸ ಮುಗಿಯಲಿ. ಬಾಕಿ ದಂಡದ ಚಲನ್‌ಗಳಿದ್ದರೆ ಅವನ್ನೂ ಈಗಲೇ ತೀರಿಸಿಬಿಡಿ.

ತುಂಬಬೇಕಾದ ಅರ್ಜಿ ನಮೂನೆ 25. ಜೊತೆಗೆ ಮೂಲ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಪಿಯುಸಿ, ವಿಳಾಸದ ದಾಖಲೆ, ಪ್ಯಾನ್ ಕಾರ್ಡ್ ಇರಲಿ. ಚಾಸಿಸ್ ಸಂಖ್ಯೆಯ ಪೆನ್ಸಿಲ್ ಅಚ್ಚೂ ಬೇಕು. ಸಂಖ್ಯೆಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್‌ನಿಂದ ಉಜ್ಜಿ ತೆಗೆಯುವ ಅಚ್ಚು ಇದು.

ಇನ್ನು ಹಣದ ವಿಷಯ. ಹದಿನೈದು ದಾಟಿದ ಕಾರಿನ ನವೀಕರಣ ಶುಲ್ಕ ₹5,000, ದ್ವಿಚಕ್ರಕ್ಕೆ ₹1,000. ಸ್ಮಾರ್ಟ್ ಕಾರ್ಡ್‌ಗೆ ₹200. ಹಸಿರು ತೆರಿಗೆ ಇದರಿಂದ ಪ್ರತ್ಯೇಕ. ಮಹಾರಾಷ್ಟ್ರದಲ್ಲಿ ಅದರ ಹೆಸರು ಪರ್ಯಾವರಣ ಕರ, 2010ರಲ್ಲಿ ರಾಜ್ಯದ ಮೋಟಾರು ವಾಹನ ತೆರಿಗೆ ಕಾಯ್ದೆಗೆ ಸೇರಿದ್ದು. ಆಗ ನಿಗದಿಯಾದ ದರದ ಪ್ರಕಾರ ಹದಿನೈದು ದಾಟಿದ ಖಾಸಗಿ ಪೆಟ್ರೋಲ್ ಕಾರಿಗೆ ಐದು ವರ್ಷಕ್ಕೆ ₹3,000, ಡೀಸೆಲ್ ಕಾರಿಗೆ ₹3,500, ದ್ವಿಚಕ್ರಕ್ಕೆ ₹2,000. ಹಳೆಯ ಸ್ಕೂಟರಿಗೆ ನವೀಕರಣ ಶುಲ್ಕಕ್ಕಿಂತ ಪರಿಸರದ ತೆರಿಗೆಯೇ ದುಪ್ಪಟ್ಟು ಎಂಬುದು ನನಗೆ ಇಂದಿಗೂ ವಿಚಿತ್ರವೆನಿಸುತ್ತದೆ. ಇಡೀ ಬೀದಿಗೆ ಹೊಗೆ ಹಬ್ಬಿಸುವ ಡೀಸೆಲ್ ಕಾರಿಗೂ ಪೆಟ್ರೋಲ್ ಕಾರಿಗೂ ಇರುವ ಅಂತರ ಬರೀ ಐನೂರು.

ನಮ್ಮ ಕಾರಿನ ಲೆಕ್ಕ ಹೀಗೆ: 5,000 ಮತ್ತು 200 ಮತ್ತು 3,000, ಒಟ್ಟು ₹8,200. ತಪಾಸಣೆಯ ಶುಲ್ಕ, ಅಂಚೆ ವೆಚ್ಚ ಸೇರಿಸಿದ ಅಂತಿಮ ಮೊತ್ತ ತಾಣದಲ್ಲೇ ಕಾಣಿಸುತ್ತದೆ. ಏಜೆಂಟ್ ಹೇಳುವ ಒಟ್ಟು ಮೊತ್ತವನ್ನು ಇದರೊಂದಿಗೆ ಹೋಲಿಸಿದರೆ ಅವನ ಪಾಲೆಷ್ಟು ಎಂಬುದು ತಾನಾಗಿ ತಿಳಿಯುತ್ತದೆ. ತಡ ಮಾಡಿದರೆ ಕಾರಿಗೆ ತಿಂಗಳಿಗೆ ₹500, ದ್ವಿಚಕ್ರಕ್ಕೆ ₹300 ಹೆಚ್ಚುವರಿ. ದೀಪಾವಳಿ ಕಳೆಯಲಿ ಎಂದು ಮೂರು ತಿಂಗಳು ಮುಂದೂಡಿದರೆ ₹1,500 ಹೋಯಿತು. ಇಪ್ಪತ್ತು ವರ್ಷ ದಾಟಿದ ಕಾರಿಗಂತೂ 2025ರ ಆಗಸ್ಟ್‌ನ ತಿದ್ದುಪಡಿಯಿಂದ ನವೀಕರಣ ಶುಲ್ಕವೇ ₹10,000. ನಮ್ಮ ಕಾರು 2031ರಲ್ಲಿ ಮತ್ತೆ ಬಂದಾಗ ಈ ಸಾಲಿನಲ್ಲಿ ನಿಲ್ಲುತ್ತದೆ. ಅಷ್ಟು ದಿನ ಅದನ್ನು ಇಟ್ಟುಕೊಳ್ಳಬೇಕೇ ಎಂದು ಈಗಲೇ ಯೋಚಿಸುವುದು ಒಳ್ಳೆಯದು.

ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡ ಮೇಲೆ ಕಾರನ್ನು ತಪಾಸಣೆಗೆ ಒಯ್ಯಬೇಕು. ಕಾರನ್ನು ಮನೆಯಲ್ಲಿಟ್ಟು ಬರೀ ಕಾಗದ ಕೊಟ್ಟು ಬರುವ ಕೆಲಸ ಇದಲ್ಲ. ಹೆಡ್‌ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್, ಹಾರ್ನ್, ವೈಪರ್, ಸೀಟ್ ಬೆಲ್ಟ್, ಟೈರ್, ಬ್ರೇಕ್ ಎಲ್ಲವನ್ನೂ ನೋಡುತ್ತಾರೆ. ಇವು ಕೆಟ್ಟಿದ್ದರೆ ಅರ್ಧ ದಿನದಲ್ಲಿ ಸರಿಪಡಿಸಬಹುದು. ಅಷ್ಟು ಸುಲಭಕ್ಕೆ ಬಗೆಹರಿಯದ ತೊಂದರೆಗಳು ಕಾರಿನ ಗುರುತಿಗೆ ಸಂಬಂಧಿಸಿದವು.

ಮೊದಲನೆಯದು ಚಾಸಿಸ್ ಸಂಖ್ಯೆ. ಹಲವು ಸಣ್ಣ ಕಾರುಗಳಲ್ಲಿ ಅದು ಬಾನೆಟ್ ಒಳಗೆ, ಎಂಜಿನ್ನಿನ ಹಿಂದಿನ ತಗಡಿನ ಮೇಲೆ ಕೊರೆದಿರುತ್ತದೆ. ಹದಿನೈದು ಮಳೆಗಾಲ ಕಂಡ ತಗಡಿಗೆ ತುಕ್ಕು ಹಿಡಿದಿರುವುದು ಸಹಜ. ಪೆನ್ಸಿಲ್ ಅಚ್ಚಿನಲ್ಲಿ ಒಂದೆರಡು ಅಂಕಿ ಮೂಡದಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ ಇನ್ನೊಮ್ಮೆ ತೆಗೆದು ನೋಡಿ. ಗ್ಯಾರೇಜಿನವರಿಗೆ ಗ್ರೈಂಡರ್ ಹಿಡಿಯಲು ಮಾತ್ರ ಬಿಡಬೇಡಿ. ಸಂಖ್ಯೆಯನ್ನು ಸ್ವತಃ ಮತ್ತೆ ಕೊರೆಸುವುದಂತೂ ಕೂಡದು. ಕದ್ದ ಕಾರಿನ ಗುರುತೂ ಅದೇ ಆದ್ದರಿಂದ ಅನುಮಾನ ಬರುತ್ತದೆ. ಅಳಿಸಿಯೇ ಹೋಗಿದ್ದರೆ ಮೊದಲು ಆರ್‌ಟಿಒ ಅನುಮತಿ ಪಡೆಯಬೇಕು.

ಎರಡನೆಯದು ಆರ್‌ಸಿಯಲ್ಲಿ ಇರುವುದಕ್ಕೂ ಕಣ್ಣೆದುರು ಇರುವುದಕ್ಕೂ ತಾಳೆಯಾಗದಿರುವುದು. ಎಂಜಿನ್ ಬದಲಾಗಿದೆಯೇ? ಬೂದು ಬಣ್ಣದ ಕಾರು ಅಪಘಾತದ ನಂತರ ಕೆಂಪಾಗಿದೆಯೇ? ಸಿಎನ್‌ಜಿ ಕಿಟ್ ಕೂರಿಸಿ ಆರ್‌ಸಿಯಲ್ಲಿ ಇಂಧನ ಇನ್ನೂ ಪೆಟ್ರೋಲ್ ಎಂದೇ ಇದೆಯೇ? ಇವನ್ನೆಲ್ಲ ಆರ್‌ಸಿಯಲ್ಲಿ ದಾಖಲಿಸಿಕೊಂಡೇ ಮುಂದುವರಿಯಬೇಕು. ಸಿಎನ್‌ಜಿ ಇದ್ದವರು ಸಿಲಿಂಡರಿನ ಒತ್ತಡ ಪರೀಕ್ಷೆಯ ದಿನಾಂಕವನ್ನೂ ನೋಡಿಕೊಳ್ಳಲಿ. ಅದು ಮೂರು ವರ್ಷಕ್ಕೊಮ್ಮೆ ಆಗಬೇಕು. ಗಾಜಿನ ಕಪ್ಪು ಫಿಲ್ಮ್ ಮತ್ತು ಮುಂದಿನ ಕಬ್ಬಿಣದ ಗಾರ್ಡ್ ಹಿಂದಿನ ದಿನವೇ ತೆಗೆಯಿರಿ. 2019ರ ಏಪ್ರಿಲ್‌ಗೆ ಮುಂಚಿನ ಕಾರುಗಳಿಗೂ ಅತಿ ಸುರಕ್ಷಿತ ನಂಬರ್ ಪ್ಲೇಟ್ ಕಡ್ಡಾಯ, ಅದೂ ಕೂತಿರಬೇಕು.

ತಪಾಸಣೆಯಲ್ಲಿ ದೋಷ ಕಂಡರೆ ಸರಿಪಡಿಸಿ ಮತ್ತೆ ತೋರಿಸಲು ಅವಕಾಶವಿದೆ. ಆದರೆ ಅಷ್ಟರಲ್ಲಿ ಅವಧಿ ಮುಗಿದರೆ ಕಾರು ರಸ್ತೆಯ ಮೇಲೆ ಬರುವಂತಿಲ್ಲ. ಕಾಯ್ದೆಯಲ್ಲಿ ನೋಂದಣಿಯಿಲ್ಲದ ವಾಹನ ಓಡಿಸಿದರೆ ಮೊದಲ ತಪ್ಪಿಗೆ ₹2,000ದಿಂದ ₹5,000ದವರೆಗೆ ದಂಡವಿದೆ. ಅದಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ತಾತ್ಕಾಲಿಕ ನೋಂದಣಿ ಮುಗಿದಿದ್ದ ಕಾರು ಕಳುವಾದ ಪ್ರಕರಣವೊಂದರಲ್ಲಿ ವಿಮಾ ಪರಿಹಾರ ಸಲ್ಲದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪಿತ್ತಿತು. ಅದು ಹೊಸ ಕಾರಿನ ವಿಷಯವಾಗಿದ್ದರೂ ಹಳೆಯ ಕಾರಿನವರು ಕಂಪನಿಗೆ ಅಂಥ ನೆಪ ಕೊಡಬಾರದು.

ಧಾರವಾಡ, ಬೆಳಗಾವಿಯಿಂದ ಕೆಎ ಸಂಖ್ಯೆಯ ಕಾರು ತಂದು ಇಲ್ಲೇ ನೆಲೆಸಿದವರಿಗೆ ಇನ್ನೊಂದು ಹೆಜ್ಜೆ ಉಂಟು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿಟ್ಟ ವಾಹನಕ್ಕೆ ಅಲ್ಲಿನ ಸಂಖ್ಯೆ ಪಡೆಯಬೇಕೆಂಬುದು ನಿಯಮ. ಅದಕ್ಕೆ ಮೂಲ ಆರ್‌ಟಿಒ ನೀಡುವ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಹದಿನೈದು ತುಂಬುವ ತಿಂಗಳಲ್ಲಿ ಇದನ್ನು ಶುರುಮಾಡಿದರೆ ಎರಡೂ ಕಚೇರಿಗಳ ನಡುವೆ ಸಿಕ್ಕಿಕೊಳ್ಳುತ್ತೀರಿ. ಒಂದು ವರ್ಷ ಮೊದಲೇ ಕೈಹಾಕಿ.

ಹೊಸ ಆರ್‌ಸಿ ಅಂಚೆಯಲ್ಲಿ ಮನೆಗೆ ಬರುತ್ತದೆ. ಬಂದ ಕೂಡಲೇ ಅವಧಿಯ ಕೊನೆಯ ದಿನ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆ, ಇಂಧನ ಈ ನಾಲ್ಕನ್ನು ಹಳೆಯ ಆರ್‌ಸಿಯ ನಕಲಿನೊಂದಿಗೆ ತಾಳೆ ನೋಡಿ. ಪರ್ಯಾವರಣ ಕರದ ರಸೀದಿಯನ್ನು ಕಾರಿನ ಕಾಗದಗಳ ಜೊತೆಗೇ ಇಟ್ಟುಕೊಳ್ಳಿ. ಕಾರು ಮಾರುವಾಗ ಕೊಳ್ಳುವವರು ಅದನ್ನು ಕೇಳುತ್ತಾರೆ.