ನೀರಿನ ಮಡಕೆಗೆ ಯಾರಾದರೂ ಎಣ್ಣೆ ಹಚ್ಚುತ್ತಾರಾ?

ಹೋದ ಬೇಸಿಗೆಯಲ್ಲಿ ತಂಗಿ ಮಗಳು ಬೇಲೂರಿನ ಕಡೆಯಿಂದ ಎರಡು ಮಡಕೆ ತಂದಳು. ಒಂದು ನೀರಿಗೆ, ಒಂದು ಸಾರಿಗೆ. ಸಂತೋಷ. ಆಮೇಲೆ ಫೋನಿನಲ್ಲಿ ಏನೋ ನೋಡಿಕೊಂಡು ಎರಡಕ್ಕೂ ಒಳಗೂ ಹೊರಗೂ ಕೊಬ್ಬರಿ ಎಣ್ಣೆ ಬಳಿದು ಬಿಸಿಲಿಗಿಟ್ಟಳು. ನೀರು ತಣ್ಣಗಾಗಲಿಲ್ಲ, ಮೇಲೆ ಕಮಟು ವಾಸನೆ ಬೇರೆ. "ದೊಡ್ಡಮ್ಮ, ಕುಂಬಾರ ಮೋಸ ಮಾಡಿದ" ಅಂತ ನನ್ನ ಹತ್ತಿರ ದೂರು. ಪಾಪ, ಅವನೇನು ಮಾಡಿದ?

ನೀರಿನ ಮಡಕೆ ಬೆವರಬೇಕು ಕಣಮ್ಮ. ಒಳಗಿನ ನೀರು ಮಣ್ಣಿನ ಸಣ್ಣ ತೂತುಗಳಲ್ಲಿ ಹೊರಗೆ ಬಂದು ಗಾಳಿಗೆ ಆರುತ್ತದೆ, ಆರುವಾಗ ಶಾಖ ಎಳೆದುಕೊಂಡು ಹೋಗುತ್ತದೆ. ಆ ತೂತು ಮುಚ್ಚಿದರೆ ಅದು ಬರೀ ಭಾರದ ಪಾತ್ರೆ. ಸಾರಿನ ಮಡಕೆಗೆ ಇದೇ ಉಲ್ಟಾ, ಅದರ ತೂತು ಮುಚ್ಚಬೇಕು. ಅದಕ್ಕೇ ಎರಡನ್ನೂ ಒಂದೇ ಥರ ಪಳಗಿಸಬಾರದು, ಒಂದರ ಕೆಲಸಕ್ಕೆ ಇನ್ನೊಂದನ್ನು ಹಚ್ಚಲೂಬಾರದು. ನೀರಿನದಕ್ಕೆ ಪಳಗಿಸುವುದು ಅಂತ ಏನೂ ಇಲ್ಲ. ತೆಂಗಿನ ನಾರಿನಲ್ಲಿ ಉಜ್ಜಿ, ಎರಡು ದಿನ ನೀರು ತುಂಬಿ ಚೆಲ್ಲಿ, ಗಾಳಿ ಆಡುವ ಕಡೆ ಇಟ್ಟರೆ ಮುಗಿಯಿತು. ಬಣ್ಣ ಬಳಿದ ಮಡಕೆ ತರಲೇಬೇಡಿ.

ಸಾರಿನ ಮಡಕೆಗೆ ಮಾತ್ರ ನನ್ನದೊಂದು ಕ್ರಮ ಇದೆ. ಇದರಲ್ಲಿ ಒಂದು ಹೆಜ್ಜೆ ಬಿಟ್ಟರೂ ನನಗೆ ಸಿಟ್ಟು ಬರುತ್ತದೆ. ಮೊದಲು ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿ. ಗುಳುಗುಳು ಅಂತ ಗುಳ್ಳೆ ಬರುತ್ತವೆ. ಅವು ನಿಂತ ಮೇಲೂ ಒಂದು ರಾತ್ರಿ ಅಲ್ಲೇ ಇರಲಿ. ಆಮೇಲೆ ಮೂರು ದಿನ ಅಕ್ಕಚ್ಚು ತುಂಬಿಡಿ, ದಿನಾ ಹೊಸದು. ಹಳೇದನ್ನು ಉಳಿಸಿಕೊಂಡರೆ ಹುಳಿ ನಾತ ಹಿಡಿಯುತ್ತದೆ. ನಾಲ್ಕನೇ ದಿನ ತೆಳ್ಳಗೆ ರಾಗಿ ಗಂಜಿ ಕಲಸಿ, ಕುತ್ತಿಗೆವರೆಗೆ ಹಾಕಿ, ಸಣ್ಣ ಉರಿಯಲ್ಲಿ ಕೂರಿಸಿ. ಮೊದಲ ಹತ್ತು ನಿಮಿಷ ಉರಿ ಇದೆಯೋ ಇಲ್ಲವೋ ಅನ್ನುವಷ್ಟು. ಹೊರಮೈಯಲ್ಲಿ ಒದ್ದೆ ಕಲೆ ಕಾಣಿಸುತ್ತದೆ, ಹೆದರಬೇಡಿ. ಗಂಜಿ ತೂತಿನೊಳಗೆ ಹೋಗಿ ಅಂಟಿಕೊಂಡ ಹಾಗೆ ಆ ಕಲೆ ತಾನೇ ಒಣಗುತ್ತದೆ. ಅರ್ಧಕ್ಕೆ ಇಳಿದ ಮೇಲೆ ಒಲೆ ಆರಿಸಿ, ಒಲೆಯ ಮೇಲೇ ಬಿಡಿ. ಬಿಸಿ ಮಡಕೆಯನ್ನು ಒದ್ದೆ ಕಟ್ಟೆ ಮೇಲಿಟ್ಟರೆ ಟಪ್ ಅಂತ ಸೀಳುತ್ತದೆ. ಮಾರನೇ ದಿನ ತೊಳೆದು, ನೀರು ತುಂಬಿ ಒಣ ಪೇಪರಿನ ಮೇಲಿಡಿ. ಬೆಳಿಗ್ಗೆ ಪೇಪರು ಒದ್ದೆಯಾಗಿದ್ದರೆ ಇನ್ನೊಂದು ಸಲ ಗಂಜಿ. ಮೊದಲ ಅಡುಗೆಗೆ ಹುರುಳಿ ಬೇಯಿಸಿ, ಹುಣಸೆಹುಳಿ ಆಮೇಲೆ.

ತೊಳೆಯುವುದಕ್ಕೆ ಸೋಪು ಮುಟ್ಟಿಸಬೇಡಿ. ಮಣ್ಣು ಅದನ್ನು ಕುಡಿದುಬಿಡುತ್ತದೆ, ಮುಂದಿನ ಸಾರಿಗೆ ಕಕ್ಕುತ್ತದೆ. ಜಿಡ್ಡಿಗೆ ಸೀಗೆಪುಡಿ ಇಲ್ಲವೇ ಒಲೆ ಬೂದಿ ಸಾಕು.

ಇನ್ನು ಮಡಕೆ ಮೇಲೆ ಬರುವ ಬಿಳುಪು. ನಾನು ಹುಟ್ಟಿದ್ದು ಮೂಡಿಗೆರೆ ಕಡೆ, ಬಂದು ಸೇರಿದ್ದು ಅರಸೀಕೆರೆಗೆ. ಇಲ್ಲಿ ಬೋರ್‌ವೆಲ್ ನೀರು ಗಡಸು. ಮದುವೆಯಾದ ಹೊಸತರಲ್ಲಿ ನೀರಿನ ಮಡಕೆಯ ಹೊರಗೆ ಬೆಳ್ಳಗೆ ಕಂಡು ಬೂಷ್ಟು ಅಂತ ಎರಡು ಮಡಕೆ ಎಸೆದೆ. ಅತ್ತೆ ಮೂರನೇದನ್ನು ಕಿತ್ತುಕೊಂಡು ಉಗುರಲ್ಲಿ ಕೆರೆದು ತೋರಿಸಿದರು. ಮರಳಿನ ಹಾಗೆ ಉದುರಿತು. ಸುಣ್ಣ, ಉಪ್ಪು ಅಷ್ಟೇ. ನಿಂಬೆಹೋಳು ಉಜ್ಜಿ ನಾರಿನಲ್ಲಿ ತಿಕ್ಕಿದರೆ ಹೋಗುತ್ತದೆ. ಬಿಟ್ಟರೆ ತೂತು ಕಟ್ಟಿ ನೀರು ತಣ್ಣಗಾಗುವುದು ನಿಲ್ಲುತ್ತದೆ.

ಬೂಷ್ಟು ಹಾಗಲ್ಲ. ಮೆತ್ತಗಿರುತ್ತದೆ, ಒರೆಸಿದರೆ ಬೆರಳಿಗೆ ಹತ್ತುತ್ತದೆ, ಮುಗ್ಗಲು ವಾಸನೆ. ಆಷಾಢದ ಮಳೆಯಲ್ಲಿ ತವರಿನ ಅಟ್ಟದಲ್ಲಿ ಮುಚ್ಚಳ ಬಿಗಿದಿಟ್ಟ ಮಡಕೆಯಲ್ಲಿ ಹಸಿರು, ಕಪ್ಪು ಎರಡೂ ಬಂದಿತ್ತು. ಅಮ್ಮ ಅಂಗಳಕ್ಕೆ ಒಯ್ದು ಉಜ್ಜಿ, ಕಲ್ಲುಪ್ಪು ಹಾಕಿದ ನೀರನ್ನು ಅದರಲ್ಲೇ ಎರಡು ಸಲ ಕುದಿಸಿ, ಬಿಸಿಲಿಲ್ಲದ್ದಕ್ಕೆ ಬಚ್ಚಲ ಹಂಡೆ ಒಲೆಯ ಪಕ್ಕ ನಾಲ್ಕು ದಿನ ಬಾಯಿ ಮೇಲೆ ಮಾಡಿ ಇಟ್ಟಳು. ಆಮೇಲೆ ಬೆಚ್ಚಗಿನ ನೀರು ಹಾಕಿ ಒಂದು ಗಂಟೆ ಬಿಟ್ಟು ಮೂಸಿದಳು. ಮತ್ತೆ ಮುಗ್ಗಲು. ಬೇರು ಮಣ್ಣಿನೊಳಗೆ ಇಳಿದಿದ್ದರೆ ಕುದಿಸಿದರೂ ವಾಸನೆ ಬಿಡುವುದಿಲ್ಲ. ಅಡುಗೆಗೆ ಬೇಡ ಅಂತ ಅದಕ್ಕೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಳು.

ಮಳೆಗಾಲಕ್ಕೆ ಎತ್ತಿಡುವವರು ಒಲೆ ಶಾಖದಲ್ಲಿ ಪೂರ್ತಿ ಒಣಗಿಸಿ, ಒಳಗೆ ಪೇಪರು ತುರುಕಿ, ಮುಚ್ಚಳ ಇಲ್ಲದೆ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದವರು ನನ್ನ ಹತ್ತಿರ ಬರಬೇಡಿ. ತಂಗಿ ಮಗಳ ಎಣ್ಣೆ ಮಡಕೆ? ಬಿಸಿನೀರು, ಸೀಗೆಪುಡಿ ಹಾಕಿ ಒಂದು ವಾರ ತಿಕ್ಕಿಸಿದೆ. ಇನ್ನೂ ಸರಿಯಾಗಿ ಬೆವರುತ್ತಿಲ್ಲ.