ಕೊಳವೆಬಾವಿ ನೀರಿನ ಟೈಟ್ರೇಷನ್: ಆಮ್ಲ ಬಿಡುವುದನ್ನು ಎಲ್ಲಿ ನಿಲ್ಲಿಸಬೇಕು?

ಕೋಲಾರದ ಕೊಳವೆಬಾವಿ ನೀರಿನ ಕ್ಷಾರೀಯತೆ ಅಳೆಯುವ ಪ್ರಾಜೆಕ್ಟ್ ವರದಿಗಳಲ್ಲಿ ಒಂದು ವಾಕ್ಯ ಸಾಮಾನ್ಯ: ‘ಸೂಚಕವಾಗಿ ಮೀಥೈಲ್ ಆರೆಂಜ್ ಬಳಸಲಾಯಿತು.’ ಯಾಕೆ ಅದೇ ಎಂದು ಪರೀಕ್ಷಕರು ಕೇಳಿದರೆ ಉತ್ತರ ಸಿಗಬೇಕಾದದ್ದು ಟೈಟ್ರೇಷನ್ ರೇಖೆಯಲ್ಲಿ. ಹಾಗಾಗಿ ಮೊದಲು ಪಿಎಚ್ ಮೀಟರ್ ಇಟ್ಟು ರೇಖೆ ಎಳೆಯಿರಿ, ಸೂಚಕದ ಮಾತು ಆಮೇಲೆ.

ಬಾಟಲಿಯನ್ನು ಕತ್ತಿನವರೆಗೂ ತುಂಬಿ, ಗಾಳಿ ಉಳಿಯದಂತೆ ಮುಚ್ಚಿ ತನ್ನಿ. ಪರೀಕ್ಷೆಯನ್ನು ಅದೇ ದಿನ ಮುಗಿಸಿ. ತೆರೆದಿಟ್ಟ ನೀರಿನಿಂದ ಇಂಗಾಲದ ಡೈಆಕ್ಸೈಡ್ ಹೊರಟು ಪಿಎಚ್ ಏರುತ್ತದೆ. ಅಷ್ಟರಿಂದಲೇ ಕ್ಷಾರೀಯತೆ ಬದಲಾಗದು. ಆದರೆ ಗಡಸು ನೀರಾದರೆ ಬಾಟಲಿಯ ತಳದಲ್ಲಿ ಬಿಳಿ ಸುಣ್ಣ ಕೂರುತ್ತದೆ, ಅಲ್ಲಿ ಕೂತಷ್ಟು ಕ್ಷಾರ ನಿಮ್ಮ ಲೆಕ್ಕದಿಂದ ತಪ್ಪಿಹೋಗುತ್ತದೆ.

ಮೀಟರನ್ನು ಪಿಎಚ್ 4 ಮತ್ತು 7ರ ಬಫರ್‌ಗಳಲ್ಲಿ ಹೊಂದಿಸಿ. ಬೀಕರಿಗೆ 100 ಮಿ.ಲೀ. ನೀರು, ಬ್ಯೂರೆಟ್ಟಿಗೆ 0.02 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ. ಮೊದಲು 2 ಮಿ.ಲೀ.ನಂತೆ ಬಿಡಿ, ಪಿಎಚ್ 5.5ಕ್ಕಿಂತ ಕೆಳಗಿಳಿದ ಮೇಲೆ 0.5 ಮಿ.ಲೀ.ನಂತೆ. ಪ್ರತಿ ಸಲ ಅಂಕಿ ನಿಲ್ಲುವವರೆಗೆ ಕಾಯಿರಿ. ಕಲಕುವುದು ಮೆಲ್ಲಗಿರಲಿ, ಜೋರಾಗಿ ಕಲಕಿದರೆ ಅನಿಲ ಹೋಗಿ ರೇಖೆಯ ಆಕಾರವೇ ಬದಲಾಗುತ್ತದೆ.

ನೀರಿನ ಪಿಎಚ್ 7.6, ಕ್ಷಾರವೆಲ್ಲ ಬೈಕಾರ್ಬೊನೇಟ್ ಎಂದಿಟ್ಟುಕೊಳ್ಳಿ. ರೇಖೆ ನಿಧಾನವಾಗಿ ಇಳಿದು ಪಿಎಚ್ 6.3ರ ಆಸುಪಾಸಿನಲ್ಲಿ ಬಹುತೇಕ ಚಪ್ಪಟೆಯಾಗುತ್ತದೆ. ಅಲ್ಲಿ ಬೈಕಾರ್ಬೊನೇಟ್ ಮತ್ತು ಅದರಿಂದ ಹುಟ್ಟಿದ ಕಾರ್ಬಾನಿಕ್ ಆಮ್ಲ ಹೆಚ್ಚುಕಡಿಮೆ ಸಮವಾಗಿದ್ದು, ಹಾಕಿದ ಆಮ್ಲವನ್ನು ನುಂಗಿಕೊಳ್ಳುತ್ತವೆ. ಮುಂದೆ ಇಳಿಜಾರು ಕಡಿದಾಗುತ್ತದೆ. ಆ ಭಾಗದ ಲೆಕ್ಕ ಹೀಗೆ ಬರುತ್ತದೆ:

29.0 ಮಿ.ಲೀ. – ಪಿಎಚ್ 4.90
29.5 – 4.66
30.0 – 4.33
30.5 – 4.00
31.0 – 3.78

ಅಕ್ಕಪಕ್ಕದ ಎರಡು ಪಿಎಚ್‌ಗಳ ವ್ಯತ್ಯಾಸ ತೆಗೆಯಿರಿ: 0.24, 0.33, 0.33, 0.22. ಏರಿ ಮತ್ತೆ ಇಳಿಯುವ ಈ ಸಾಲಿನ ನಡುವೆ, ಅಂದರೆ 30.0 ಮಿ.ಲೀ.ನಲ್ಲಿ, ಸಮಾನತಾ ಬಿಂದು ಇದೆ. ಕಣ್ಣಂದಾಜಿಗಿಂತ ಈ ಕಳೆಯುವ ಲೆಕ್ಕವೇ ನಂಬಿಕೆಯದು. ಅಲ್ಲಿ ಪಿಎಚ್ 7 ಇರಬೇಕಲ್ಲ ಎಂದು ಹಲವರು ತಡವರಿಸುತ್ತಾರೆ. ಬೈಕಾರ್ಬೊನೇಟ್ ಮುಗಿದಾಗ ಬೀಕರಿನಲ್ಲಿ ಉಳಿದಿರುವುದು ಕಾರ್ಬಾನಿಕ್ ಆಮ್ಲ, ಆದ್ದರಿಂದಲೇ 4.3.

ಈಗ ಸೂಚಕ. ಫಿನಾಲ್ಫ್ಥಲೀನ್ ಬಣ್ಣ ಬದಲಿಸುವುದು 8.3ರಿಂದ 10ರ ನಡುವೆ. ನಮ್ಮ ನೀರು ಶುರುವಾಗುವುದೇ 7.6ರಲ್ಲಿ, ಹಾಗಾಗಿ ಗುಲಾಬಿ ಮೂಡುವುದೇ ಇಲ್ಲ. ಇದನ್ನು ‘ಕ್ಷಾರವಿಲ್ಲ’ ಎಂದು ಬರೆದರೆ ತಪ್ಪು. ಕಾರ್ಬೊನೇಟ್ ಮತ್ತು ಹೈಡ್ರಾಕ್ಸೈಡ್ ಇಲ್ಲ ಎನ್ನುವುದಷ್ಟೇ ಅದರ ಅರ್ಥ. ಮೀಥೈಲ್ ಆರೆಂಜ್‌ನ ವ್ಯಾಪ್ತಿ 3.1ರಿಂದ 4.4. ಹಳದಿ ಮೊದಲ ಸಲ ಕದಲುವುದು ಸಮಾನತಾ ಬಿಂದುವಿನ ಹೊಸ್ತಿಲಲ್ಲೇ, ಅದು ಸರಿಯಾದ ಜಾಗ. ಕೆಂಪು ಪೂರ್ತಿ ಬರಲಿ ಎಂದು ಕಾದಿರೋ, ಬ್ಯೂರೆಟ್ 35 ಮಿ.ಲೀ. ದಾಟುತ್ತದೆ.

ಲೆಕ್ಕ ಹಾಕಿದರೆ ಪೆಟ್ಟು ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಕ್ಷಾರೀಯತೆ = 30 × 0.02 × 50000 ÷ 100 = ಲೀಟರಿಗೆ 300 ಮಿ.ಗ್ರಾಂ. 35 ಮಿ.ಲೀ. ಆದರೆ ಅದೇ ನೀರು 350 ತೋರಿಸುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಸ್ವೀಕಾರಾರ್ಹ ಮಿತಿ 200, ಬೇರೆ ನೀರಿಲ್ಲದ ಕಡೆ 600.

ನನ್ನ ಆಯ್ಕೆ ಬ್ರೋಮೋಕ್ರೆಸಾಲ್ ಗ್ರೀನ್. ನೀಲಿಯಿಂದ ಹಳದಿಗೆ 5.4ರಿಂದ 3.8ರ ನಡುವೆ ತಿರುಗುವುದರಿಂದ 4.3 ಅದರ ವ್ಯಾಪ್ತಿಯ ಒಳಗೇ ಬೀಳುತ್ತದೆ. ತೊಂದರೆ ಎಂದರೆ ನಮ್ಮ ರೇಖೆಯ ಜಿಗಿತ ಚಿಕ್ಕದು, ಬಣ್ಣ 27ರಿಂದ 31 ಮಿ.ಲೀ.ವರೆಗೂ ಎಳೆದಾಡುತ್ತದೆ. ಅದಕ್ಕೆ ಪಕ್ಕದಲ್ಲಿ ಹೋಲಿಕೆಯ ಫ್ಲಾಸ್ಕ್ ಇಡಿ: 0.1 ಮೋಲಾರ್ ಅಸಿಟಿಕ್ ಆಮ್ಲ 95 ಮಿ.ಲೀ., ಅದೇ ಸಾರತೆಯ ಸೋಡಿಯಂ ಅಸಿಟೇಟ್ 35 ಮಿ.ಲೀ. ಇದರ ಪಿಎಚ್ ಸುಮಾರು 4.3. ಎರಡಕ್ಕೂ ಅಷ್ಟಷ್ಟೇ ಹನಿ ಸೂಚಕ ಹಾಕಿ, ಬಿಳಿ ಕಾಗದದ ಮೇಲಿಟ್ಟು, ಬಣ್ಣ ಹೊಂದಿದ ಹನಿಗೆ ನಲ್ಲಿ ಮುಚ್ಚಿ. ಕ್ಲೋರಿನ್ ಬೆರೆಸಿದ ನಲ್ಲಿ ನೀರಾದರೆ ಸೂಚಕದ ಬಣ್ಣವೇ ಮಾಸುತ್ತದೆ, ಮೊದಲು ಒಂದು ಹನಿ 0.1 ಮೋಲಾರ್ ಸೋಡಿಯಂ ಥಯೋಸಲ್ಫೇಟ್ ಹಾಕಿಕೊಳ್ಳಿ.

ವರದಿಯಲ್ಲಿ ಸಮರ್ಥನೆ ಎರಡೇ ವಾಕ್ಯ ಸಾಕು: ‘ಸಮಾನತಾ ಬಿಂದು 30.0 ಮಿ.ಲೀ., ಪಿಎಚ್ 4.3. ಬ್ರೋಮೋಕ್ರೆಸಾಲ್ ಗ್ರೀನ್‌ನ ವ್ಯಾಪ್ತಿ ಇದನ್ನು ಒಳಗೊಳ್ಳುತ್ತದೆ, ಆದರೆ ಜಿಗಿತ ಚಿಕ್ಕದಾದ್ದರಿಂದ ಅಂತ್ಯ ಬಿಂದುವನ್ನು ಹೋಲಿಕೆಯ ಬಫರ್ ಇಟ್ಟು ಗುರುತಿಸಲಾಗಿದೆ.’