ರಿಫಾಂಪಿಸಿನ್ ಶುರುವಾದಾಗ, ರಿಫಾಂಪಿಸಿನ್ ನಿಂತಾಗ: ವಾರ್ಫರಿನ್ ನಿಭಾಯಿಸಿದ ನನ್ನ ಅನುಭವ

ಹಾವೇರಿಯಲ್ಲಿ ಫಿಜಿಶಿಯನ್ ಆಗಿರುವ ನನ್ನ ಬಳಿ, ಬ್ಯಾಡಗಿ ಹತ್ತಿರದ ಹಳ್ಳಿಯೊಂದರ ಹೆಣ್ಣುಮಗಳೊಬ್ಬರು ವರ್ಷಗಳಿಂದ ಐಎನ್‌ಆರ್ ತೋರಿಸಲು ಬರುತ್ತಿದ್ದರು; ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದರ ಅಳತೆ ಅದು. ಅವರ ಹೃದಯದ ಮೈಟ್ರಲ್ ಕವಾಟದ ಜಾಗದಲ್ಲಿ ಲೋಹದ ಕವಾಟವಿದ್ದು, ದಿನಕ್ಕೆ 4 ಮಿಲಿಗ್ರಾಂನಷ್ಟು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯಾದ ವಾರ್ಫರಿನ್‌ನಲ್ಲಿ ಐಎನ್‌ಆರ್ 2.5ರಿಂದ 3.5ರ ನಡುವೆ ನೆಮ್ಮದಿಯಾಗಿ ನಿಂತಿತ್ತು. ಅವರಿಗೆ ಶ್ವಾಸಕೋಶದ ಕ್ಷಯ ಬಂತು. ತೂಕ 45 ಕಿಲೋ ಇದ್ದುದರಿಂದ ದಿನಕ್ಕೆ ಮೂರು ಸಂಯುಕ್ತ ಗುಳಿಗೆಗಳು, ಅಂದರೆ 450 ಮಿಲಿಗ್ರಾಂ ರಿಫಾಂಪಿಸಿನ್, ಆರಂಭವಾದವು.

ರಿಫಾಂಪಿಸಿನ್ ಯಕೃತ್ತಿನ ಜೀವಕೋಶಗಳಲ್ಲಿ ಪಿಎಕ್ಸ್‌ಆರ್ ಎಂಬ ಗ್ರಾಹಕವನ್ನು ಎಚ್ಚರಿಸುತ್ತದೆ. ಅದು ಔಷಧಗಳನ್ನು ಕರಗಿಸುವ ಸೈಟೋಕ್ರೋಮ್ ಕಿಣ್ವಗಳ ಜೀನ್‌ಗಳನ್ನು ಚುರುಕುಗೊಳಿಸಿ, ಸಿವೈಪಿ 3ಎ4, ಸಿವೈಪಿ 2ಸಿ9 ಮುಂತಾದವನ್ನು ಹೆಚ್ಚು ಹೆಚ್ಚಾಗಿ ತಯಾರಿಸುವಂತೆ ಮಾಡುತ್ತದೆ. ವಾರ್ಫರಿನ್‌ನ ಹೆಚ್ಚು ಪ್ರಬಲವಾದ ರೂಪವನ್ನು ಕರಗಿಸಿ ಹೊರಹಾಕುವುದು ಮುಖ್ಯವಾಗಿ ಸಿವೈಪಿ 2ಸಿ9. ಅದೇ ಸಂಯುಕ್ತ ಗುಳಿಗೆಯಲ್ಲಿರುವ ಐಸೋನಿಯಾಜಿಡ್ ಕೆಲವು ಕಿಣ್ವಗಳನ್ನು ತಡೆಯುತ್ತದೆಯಾದರೂ, ಒಟ್ಟು ಪರಿಣಾಮದಲ್ಲಿ ಮೇಲುಗೈ ರಿಫಾಂಪಿಸಿನ್‌ನದೇ.

ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಅವರ ಯಜಮಾನರಿಗೆ ನಾನು ಇದನ್ನು ಹೀಗೆ ತಿಳಿಸಿದೆ: ಕಿಣ್ವ ಹೆಚ್ಚಿಸುವ ಪ್ರೇರಕ ಔಷಧ ಬಂದರೆ ಸುಗ್ಗಿಗೆ ಹೊಸ ಹಮಾಲರನ್ನು ತಂದಂತೆ, ಅವರು ಬಂದು ಸೇರಲು ದಿನ ಹಿಡಿಯುತ್ತದೆ, ಹೋಗಲೂ ದಿನ ಹಿಡಿಯುತ್ತದೆ, ಕಿಣ್ವವನ್ನು ತಡೆಯುವ ಪ್ರತಿಬಂಧಕ ಔಷಧವಾದರೋ ಇದ್ದ ಹಮಾಲರ ಕೈ ಕಟ್ಟಿಹಾಕಿದಂತೆ, ಕಟ್ಟಿದ ಗಳಿಗೆಯಿಂದಲೇ ಕೆಲಸ ನಿಲ್ಲುತ್ತದೆ.

ಹೀಗಾಗಿ ಮೊದಲ ದಿನಗಳ ಐಎನ್‌ಆರ್ ನೋಡಿ ಸಮಾಧಾನಪಡಬಾರದು. ಐದನೇ ದಿನ 2.6 ಇದ್ದದ್ದು ಎರಡನೇ ವಾರದಲ್ಲಿ 1.6ಕ್ಕೆ ಇಳಿಯಿತು. ಗುಳಿಗೆ ತಪ್ಪಿದೆಯೋ, ವಾರ್ಫರಿನ್‌ನ ಫಲ ತಗ್ಗಿಸುವ ಸೊಪ್ಪು ಊಟದಲ್ಲಿ ಹೆಚ್ಚಾಗಿದೆಯೋ ಎಂದು ಮೊದಲು ವಿಚಾರಿಸಲೇಬೇಕು. ‘ಒಂದ್ ಗುಳಿಗೀನೂ ತಪ್ಪಿಸಿಲ್ರೀ ಡಾಕ್ಟ್ರ, ಖಾಲಿ ಶೀಟ್ ಎಲ್ಲಾ ತಂದೀನಿ’ ಎಂದು ಯಜಮಾನರು ಚೀಲವನ್ನೇ ಮೇಜಿನ ಮೇಲೆ ಸುರಿದರು; ಎಣಿಕೆ ಸರಿಯಿತ್ತು. ಗುಳಿಗೆ ತಪ್ಪಿದಾಗ ಐಎನ್‌ಆರ್ ಸಾಮಾನ್ಯವಾಗಿ ಒಮ್ಮೆ ಕುಸಿದು ಮತ್ತೆ ಏರುತ್ತದೆ. ಒಂದೇ ಪ್ರಮಾಣ ನುಂಗುತ್ತಿದ್ದರೂ ವಾರದಿಂದ ವಾರಕ್ಕೆ ಇಳಿಯುತ್ತಲೇ ಹೋದರೆ ಅದು ಪ್ರೇರಣೆಯ ಲಕ್ಷಣ.

ಲೋಹದ ಕವಾಟಕ್ಕೆ 1.6 ಸಾಲದು, ರಕ್ತ ಗಡ್ಡೆ ಕಟ್ಟಬಹುದು. ಮೂತ್ರಪಿಂಡದ ಪರೀಕ್ಷೆ ಸರಿಯಿದ್ದುದರಿಂದ ರಕ್ತ ಗಡ್ಡೆ ಕಟ್ಟದಂತೆ ತಡೆಯುವ ಚುಚ್ಚುಮದ್ದು ಎನಾಕ್ಸಪಾರಿನ್ 40 ಮಿಲಿಗ್ರಾಂ ಹನ್ನೆರಡು ತಾಸಿಗೊಮ್ಮೆ ಕೊಡಿಸಿ, ಸತತ ಎರಡು ಪರೀಕ್ಷೆಗಳಲ್ಲಿ ಐಎನ್‌ಆರ್ 2.5 ದಾಟುವವರೆಗೆ ಮುಂದುವರಿಸಿದೆ. ವಾರ್ಫರಿನ್ ಅನ್ನು ಆರು, ಎಂಟು, ಹತ್ತು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದೆ. ಪ್ರತಿ ಏರಿಕೆಯ ಬಳಿಕ ಕೆಲವು ದಿನ ಕಾದೆ. ಏಕೆಂದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಆದ ಪ್ರೋಥ್ರಾಂಬಿನ್‌ನ ಅರ್ಧಾಯು ಎರಡೂವರೆ ದಿನಗಳಷ್ಟಿದ್ದು, ಇಂದಿನ ಗುಳಿಗೆಯ ಪೂರ್ತಿ ಫಲ ನಾಳೆಯ ರಕ್ತದಲ್ಲಿ ಕಾಣುವುದಿಲ್ಲ. ಕೊನೆಗೆ 12 ಮಿಲಿಗ್ರಾಂನಲ್ಲಿ ಐಎನ್‌ಆರ್ 2.8ಕ್ಕೆ ನಿಂತಿತು. ಪ್ರಮಾಣ ಮೂರು ಪಟ್ಟಾದದ್ದನ್ನು ಕಂಡು ಮನೆಯವರು ಗಾಬರಿಯಾದರು, ಆದರೆ ಈ ಜೋಡಿಯಲ್ಲಿ ಅದು ಅಪರೂಪವಲ್ಲ.

ನನ್ನ ಮಟ್ಟಿಗೆ ಹೆಚ್ಚು ಅಪಾಯಕಾರಿಯಾದದ್ದು ಆರು ತಿಂಗಳ ಕೊನೆ. ಕ್ಷಯದ ಗುಳಿಗೆ ಮುಗಿದ ಖುಷಿಯಲ್ಲಿ ಮನೆಗೆ ಹೋದವರು 12 ಮಿಲಿಗ್ರಾಂ ನುಂಗುತ್ತಲೇ ಇದ್ದರೆ, ಎರಡು ವಾರಗಳ ಆಸುಪಾಸಿನಲ್ಲಿ ಹೆಚ್ಚುವರಿ ಕಿಣ್ವ ಕರಗಿಹೋಗಿ ವಾರ್ಫರಿನ್ ಶೇಖರವಾಗುತ್ತದೆ, ರಕ್ತಸ್ರಾವದ ಅಪಾಯ ತಪ್ಪಿದ್ದಲ್ಲ. ಅದಕ್ಕಾಗಿ ರಿಫಾಂಪಿಸಿನ್ ನಿಲ್ಲುವ ತಾರೀಖು ಮತ್ತು ಅದರ ನಂತರದ ಐಎನ್‌ಆರ್ ತಾರೀಖುಗಳನ್ನು ಚೀಟಿಯಲ್ಲಿ ಕನ್ನಡದಲ್ಲೇ ಮೊದಲೇ ಬರೆದುಕೊಟ್ಟಿದ್ದೆ. ವಾರಕ್ಕೆರಡು ಬಾರಿ ಪರೀಕ್ಷಿಸುತ್ತ, ಐಎನ್‌ಆರ್ 3 ದಾಟಿ ಏರಲು ತೊಡಗಿದಾಗ ಹತ್ತಕ್ಕೆ, ಮತ್ತೆ ಏಳಕ್ಕೆ, ಐದಕ್ಕೆ ಇಳಿಸಿದೆ. ನಿಂತ ದಿನವೇ ಅರ್ಧಕ್ಕೆ ಇಳಿಸುವುದು ನನಗೆ ಒಪ್ಪಿಗೆಯಿಲ್ಲ. ಹಮಾಲರು ಇನ್ನೂ ಅಂಗಳದಲ್ಲೇ ಇರುವಾಗ ಹಾಗೆ ಮಾಡಿದರೆ ಕವಾಟ ಕಾವಲಿಲ್ಲದೆ ಉಳಿಯುತ್ತದೆ. ತಿಂಗಳು ಕಳೆಯುವ ಹೊತ್ತಿಗೆ ಮತ್ತೆ 4 ಮಿಲಿಗ್ರಾಂಗೆ ಬಂದರು.

ಪ್ರತಿಬಂಧದ ರೀತಿ ಬೇರೆಯೇ ಎಂಬುದೂ ಇವರಲ್ಲೇ ಕಂಡಿತು. ಕೆಲವು ತಿಂಗಳ ನಂತರ ಹಲ್ಲುನೋವಿಗೆ ಔಷಧದ ಅಂಗಡಿಯಿಂದ ಮೆಟ್ರೋನಿಡಜೋಲ್ 400 ಮಿಲಿಗ್ರಾಂ ತಂದು ದಿನಕ್ಕೆ ಮೂರು ಬಾರಿ ನುಂಗಿದ್ದರು. ನಾಲ್ಕನೇ ದಿನ ವಸಡಿನಲ್ಲಿ ರಕ್ತ ಜಿನುಗುತ್ತಿತ್ತು, ಐಎನ್‌ಆರ್ 5.2 ಇತ್ತು. ಮೆಟ್ರೋನಿಡಜೋಲ್ ಬಿಡಿಸಿ, ವಾರ್ಫರಿನ್ ಎರಡು ದಿನ ತಡೆಹಿಡಿದು, ಮತ್ತೆ ಪರೀಕ್ಷಿಸಿದಾಗ 3.2ಕ್ಕೆ ಇಳಿದಿತ್ತು. ಹಳೆಯ 4 ಮಿಲಿಗ್ರಾಂ ಅನ್ನೇ ಮುಂದುವರಿಸಿದೆ. ಪ್ರತಿಬಂಧಕ ಹೊರಟುಹೋದ ಮೇಲೆ ಪ್ರಮಾಣ ಬದಲಿಸಬೇಕಾದ ಕಾರಣವಿರಲಿಲ್ಲ. ಫ್ಲುಕೋನಜೋಲ್, ಕೋಟ್ರೈಮೋಕ್ಸಜೋಲ್‌ಗಳೂ ಹೀಗೆಯೇ ದಿನಗಳಲ್ಲಿ ಐಎನ್‌ಆರ್ ಏರಿಸುತ್ತವೆ.

ಈ ಕಾಲದ ಲೆಕ್ಕ ಹೃದಯಬಡಿತದ ಲಯ ಸರಿಪಡಿಸುವ ಅಮಿಯೊಡರೋನ್‌ಗೆ ಮಾತ್ರ ಹೊಂದುವುದಿಲ್ಲ. ಅದು ಪ್ರತಿಬಂಧಕವಾದರೂ ದೇಹದ ಕೊಬ್ಬಿನಲ್ಲಿ ಸೇರಿಕೊಂಡು ವಾರಗಟ್ಟಲೆ ಏರುತ್ತ ಹೋಗುತ್ತದೆ, ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತದೆ. ಆದ್ದರಿಂದ ಅದನ್ನು ನಿಲ್ಲಿಸಿದ ರೋಗಿಯ ವಾರ್ಫರಿನ್ ಅನ್ನು ನಾನು ಆತುರದಿಂದ ಏರಿಸುವುದಿಲ್ಲ.